ಒಬ್ಬರು ಬೇಡ ಎಂದರೆ ಎಲ್ಲರಿಗೂ ರೆಕಾರ್ಡಿಂಗ್ ನಿಲ್ಲಿಸಬೇಕೇ?

ಪ್ರಶ್ನೆ: ನಾನು ಚಳ್ಳಕೆರೆ ತಾಲ್ಲೂಕಿನ ರೈತ ಉತ್ಪಾದಕರ ಕಂಪನಿಯೊಂದರಲ್ಲಿ ಸಂಯೋಜಕಿ. ಪ್ರತಿ ಗುರುವಾರ ಸಂಜೆ ಗೂಗಲ್ ಮೀಟ್‌ನಲ್ಲಿ ಶೇಂಗಾ ಬೆಳೆಗಾರರ ಕಾಲ್ ಇರುತ್ತೆ. ಇಪ್ಪತ್ತು ಜನ ಸೇರ್ತಾರೆ. ಎಲ್ಲಾ ಬರ್ಕೊಳ್ಳೋದು ಕಷ್ಟ ಅಂತ ಈಗ ರೆಕಾರ್ಡ್ ಮಾಡ್ತೀವಿ, ಸಾರಾಂಶ ತಾನೇ ಬರೆಯೋ ಸೌಲಭ್ಯನೂ ಆನ್ ಮಾಡಿದ್ದೀವಿ. ಹೋದ ವಾರ ಹಿರಿಯ ಸದಸ್ಯರೊಬ್ಬರು 'ನನ್ನ ಮಾತು ಇದ್ರಲ್ಲಿ ಬರೋದು ಬೇಡಮ್ಮ' ಅಂದ್ರು. ಉಳಿದವರು 'ಏನಾಗುತ್ತೆ ಬಿಡಿ ಯಜಮಾನ್ರೇ' ಅಂದ್ರು. ಆಮೇಲೆ ಅವರು ಕಾಲ್ ಮುಗಿಯೋವರೆಗೂ ಮಾತೇ ಆಡ್ಲಿಲ್ಲ. ನಾನು ಮೊದಲೇ ಹೇಗೆ ಹೇಳ್ಬೇಕಿತ್ತು? ಒಬ್ಬರು ಬೇಡ ಅಂದ್ರೆ ಎಲ್ಲರಿಗೂ ನಿಲ್ಲಿಸ್ಬೇಕಾ?

ಉತ್ತರ: ಹೌದು, ನಿಲ್ಲಿಸಿ. ಇಪ್ಪತ್ತು ಜನರ ಕಾಲ್‌ನಲ್ಲಿ ಒಬ್ಬರ ದನಿಯನ್ನು ಮಾತ್ರ ಬಿಟ್ಟು ಉಳಿದವರದ್ದನ್ನು ಹಿಡಿಯುವ ಬಟನ್ ಇಲ್ಲ. ಮೀಟ್ ಎಲ್ಲರ ದನಿಯನ್ನೂ ಸೇರಿಸಿ ಒಂದೇ ಫೈಲ್ ಮಾಡುತ್ತದೆ. ಹಾಗಾಗಿ ಅವರು ಬೇಡ ಎಂದ ಮೇಲೂ ರೆಕಾರ್ಡಿಂಗ್ ಓಡುತ್ತಿದ್ದರೆ ಅವರಿಗೆ ಉಳಿಯುವುದು ಎರಡೇ ದಾರಿ. ಒಂದೋ ಬಾಯಿ ಮುಚ್ಚಿಕೊಂಡು ಕೂರಬೇಕು, ಇಲ್ಲವೇ ಕಾಲ್ ಬಿಟ್ಟು ಹೋಗಬೇಕು. ನಿಮ್ಮ ಯಜಮಾನ್ರು ಮೊದಲನೆಯದನ್ನು ಆರಿಸಿಕೊಂಡರು. ಅದನ್ನು ಒಪ್ಪಿಗೆ ಎಂದು ಲೆಕ್ಕ ಹಾಕಬೇಡಿ.

ಅವರು ಯಾಕೆ ಬೇಡ ಎಂದಿರಬಹುದು ಎಂಬುದನ್ನೂ ಸ್ವಲ್ಪ ಯೋಚಿಸಿ. ಶೇಂಗಾ ಕಾಲ್ ಎಂದ ಮೇಲೆ ಮಾತು ರೇಟಿಗೆ ಬಂದೇ ಬರುತ್ತದೆ. ಯಾವ ಮಂಡಿಯವರು ಎಷ್ಟು ಕೊಡುತ್ತಾರೆ, ಯಾರ ತೂಕ ಸರಿಯಿಲ್ಲ, ಯಾರು ದುಡ್ಡು ತಡ ಮಾಡುತ್ತಾರೆ ಎಂಬ ಮಾತು ಬರುತ್ತದೆ. ಬಿತ್ತನೆ ಹೊತ್ತಿಗೆ ಮಂಡಿ ಸಾಹುಕಾರರಿಂದ ಮುಂಗಡ ತಂದ ರೈತ ಅದೇ ಸಾಹುಕಾರರ ಹೆಸರು ಹೇಳಿ 'ಈ ಸಲ ಕಂಪನಿಗೇ ಹಾಕೋಣ' ಎಂದರೆ ಆ ಮಾತು ಬರೀ ಗಾಳಿಯಲ್ಲಿ ಹೋದರೆ ಒಂದು, ಫೈಲಾಗಿ ಉಳಿದರೆ ಇನ್ನೊಂದು. ಸಾಲ ಕೊಟ್ಟವರ ಕಿವಿಗೆ ಅದು ಬಿದ್ದರೆ ತೊಂದರೆ ಆಗುವುದು ಅವರಿಗೆ, ನಿಮಗಲ್ಲ, ನನಗೂ ಅಲ್ಲ. 'ಏನಾಗುತ್ತೆ ಬಿಡಿ' ಎನ್ನುವವರಿಗೆ ಇದು ಕಾಣುವುದಿಲ್ಲ. ಅವರು ಮುಂಗಡ ತಂದಿಲ್ಲದೇ ಇರಬಹುದು. ಇದೇ ಕಾರಣ ಎಂದು ನಾನು ಹೇಳುತ್ತಿಲ್ಲ. ಇಂಥ ಕಾರಣ ಇದ್ದರೆ ಎಲ್ಲರೆದುರು ಅದನ್ನು ಬಾಯಿಬಿಟ್ಟು ಹೇಳಲು ಆಗುವುದಿಲ್ಲ, ಅಲ್ವಾ? ಅದಕ್ಕೇ ಬೇಡ ಎಂದವರನ್ನು ಕಾರಣ ಕೇಳಬಾರದು.

ಈಗ ಮೊದಲೇ ಹೇಗೆ ಹೇಳಬೇಕು ಎಂಬುದಕ್ಕೆ ಬರೋಣ. ನೀವು ಕೇಳಬೇಕಾದ್ದು ಒಂದು ಪ್ರಶ್ನೆಯಲ್ಲ, ಎರಡು. ರೆಕಾರ್ಡಿಂಗ್ ಬೇರೆ, ಸಾರಾಂಶ ಬೇರೆ. ಮೀಟ್‌ನಲ್ಲಿ ಮಾತು ಹಿಡಿಯುವ ಸ್ವಿಚ್‌ಗಳು ಮೂರಿವೆ. ದನಿ ಮತ್ತು ವಿಡಿಯೊ ಹಿಡಿಯುವ ರೆಕಾರ್ಡಿಂಗ್ ಒಂದು. ಮಾತನ್ನು ಅಕ್ಷರಕ್ಕೆ ಇಳಿಸುವ ಟ್ರಾನ್ಸ್‌ಕ್ರಿಪ್ಟ್ ಇನ್ನೊಂದು. `Take notes for me` ಎಂಬ ಟಿಪ್ಪಣಿ ಸೌಲಭ್ಯ ಮತ್ತೊಂದು. ಒಂದನ್ನು ಆರಿಸಿದ ಮಾತ್ರಕ್ಕೆ ಇನ್ನೊಂದು ಆರುತ್ತದೆ ಎಂದುಕೊಳ್ಳಬೇಡಿ. ಜೂಮ್‌ನಲ್ಲೂ ಹೀಗೆಯೇ, ರೆಕಾರ್ಡಿಂಗ್ ಇಲ್ಲದೆಯೂ ಸಾರಾಂಶ ಬರೆಸಬಹುದು. ಜನ ಸಾಮಾನ್ಯವಾಗಿ ಎಡವುವುದು ಇಲ್ಲೇ. ಯಾರೋ ಬೇಡ ಎಂದಾಗ ರೆಕಾರ್ಡಿಂಗ್ ನಿಲ್ಲಿಸಿ 'ಆಯ್ತು, ಆಫ್ ಮಾಡಿದೆ' ಎಂದುಬಿಡುತ್ತಾರೆ. ಟಿಪ್ಪಣಿ ಹಿಂದೆ ಓಡುತ್ತಲೇ ಇರುತ್ತದೆ. ಮರುದಿನ ಬೇಡ ಎಂದವರ ಹೆಸರಿನ ಸಮೇತ ಅವರ ಮಾತು ಮೇಲ್‌ನಲ್ಲಿ ಬಂದು ಬೀಳುತ್ತದೆ. ಆಗ ನೀವು ಸುಳ್ಳು ಹೇಳಿದಿರಿ ಎಂದಾಗುತ್ತದೆ. ಬೇಕಂತ ಮಾಡಿದ್ದಲ್ಲ ಎಂದರೂ ನಂಬುವವರು ಕಡಿಮೆ.

ಇದನ್ನು ಪತ್ತೆ ಮಾಡುವುದು ಸುಲಭ. ಗುರುವಾರಕ್ಕೆ ಮುಂಚೆ ನೀವು ಮತ್ತು ಆಫೀಸಿನ ಇನ್ನೊಬ್ಬರು ಐದು ನಿಮಿಷದ ಪರೀಕ್ಷಾ ಕಾಲ್ ಮಾಡಿ. ಮೂರನ್ನೂ ಆನ್ ಮಾಡಿ. ಎರಡನೇ ಫೋನ್‌ನ ತೆರೆಯ ಮೇಲೆ ಏನೇನು ಗುರುತು ಕಾಣುತ್ತದೆ ನೋಡಿಕೊಳ್ಳಿ. ಆಮೇಲೆ ಒಂದೊಂದನ್ನೇ ಆರಿಸಿ, ಯಾವ ಗುರುತು ಹೋಯಿತು, ಯಾವುದು ಉಳಿಯಿತು ನೋಡಿ. ಕಾಲ್ ಮುಗಿದ ಮೇಲೆ ಡ್ರೈವ್‌ನಲ್ಲಿ ಯಾವ ಯಾವ ಫೈಲ್ ಬಂದಿವೆ, ಯಾರಿಗೆ ಮೇಲ್ ಹೋಗಿದೆ ಎಂದೂ ನೋಡಿ. ಈ ಕೆಲಸ ಒಂದು ಸಲ ಮಾಡಿದರೆ ನಿಮ್ಮ ಮಾತಿಗೆ ನೀವೇ ಹೊಣೆ ಹೊರಬಹುದು. ಇನ್ನೊಂದು ವಿಷಯವೂ ಆಗಲೇ ಗೊತ್ತಾಗುತ್ತದೆ. ನಮ್ಮ ಕಡೆಯ ಕನ್ನಡ ಆ ಟಿಪ್ಪಣಿಗೆ ಎಷ್ಟರ ಮಟ್ಟಿಗೆ ಅರ್ಥವಾಗುತ್ತದೆ ಎಂಬುದು ತಿಳಿಯುತ್ತದೆ. ಐದು ನಿಮಿಷದ ಮಾತೇ ಸರಿಯಾಗಿ ಬಾರದಿದ್ದರೆ ಒಂದು ಗಂಟೆಯ ಕಾಲ್‌ಗೆ ಅದನ್ನು ಹಾಕುವುದೇ ಬೇಡ. ಅರ್ಧ ಜಗಳ ಅಲ್ಲೇ ಮುಗಿಯುತ್ತದೆ.

ಹೇಳುವ ಕೆಲಸವನ್ನು ಕಾಲ್ ಶುರುವಾಗುವ ಹೊತ್ತಿಗೆ ಇಟ್ಟುಕೊಳ್ಳಬೇಡಿ. ಅಷ್ಟೊತ್ತಿಗೆ ಹದಿನೈದು ಜನ ಬಂದು ಕೂತಿರುತ್ತಾರೆ. ಎಲ್ಲರೆದುರು 'ನನಗೆ ಬೇಡ' ಎನ್ನಲು ಎದೆಗಾರಿಕೆ ಬೇಕು. ಹಿಂದಿನ ದಿನವೇ ವಾಟ್ಸಾಪ್ ಗುಂಪಿಗೆ ಬರಹ ಹಾಕಿ. ಓದಲು ಬಾರದವರು ಇದ್ದರೆ ಅದನ್ನೇ ನಿಮ್ಮ ದನಿಯಲ್ಲಿ ಓದಿ ವಾಯ್ಸ್ ಮೆಸೇಜ್ ಕಳಿಸಿ. ಬರಹ ಹೀಗಿರಬಹುದು:

> ನಾಳೆ ಗುರುವಾರ ಸಂಜೆ ಏಳಕ್ಕೆ ಶೇಂಗಾ ಕಾಲ್ ಇದೆ. ಈ ಸಲ ಎರಡು ಕೆಲಸ ಮಾಡಬೇಕು ಅಂದುಕೊಂಡಿದ್ದೇವೆ. ಒಂದು, ಎಲ್ಲರ ಮಾತನ್ನು ರೆಕಾರ್ಡ್ ಮಾಡುವುದು. ಎರಡು, ಕಂಪ್ಯೂಟರ್ ಆ ಮಾತನ್ನು ಕೇಳಿ ತಾನೇ ಸಾರಾಂಶ ಬರೆಯುವುದು. ಎರಡೂ ಗೂಗಲ್‌ನಲ್ಲಿ ನಮ್ಮ ಕಂಪನಿಯ ಖಾತೆಯಲ್ಲಿ ಉಳಿಯುತ್ತವೆ. ರೆಕಾರ್ಡಿಂಗನ್ನು ನಾನು ಮತ್ತು ಅಧ್ಯಕ್ಷರು ಮಾತ್ರ ಕೇಳುತ್ತೇವೆ. ಸಾರಾಂಶವನ್ನು ನಾನು ಓದಿ ತಿದ್ದಿ ಶನಿವಾರ ಈ ಗುಂಪಿಗೆ ಮಾತ್ರ ಹಾಕುತ್ತೇನೆ. ಹದಿನೈದು ದಿನ ಆದ ಮೇಲೆ ರೆಕಾರ್ಡಿಂಗ್ ಅಳಿಸುತ್ತೇನೆ. ಎರಡೂ ಬೇಡ, ಇಲ್ಲ ಎರಡರಲ್ಲಿ ಒಂದು ಬೇಡ ಅನ್ನಿಸಿದರೆ ನಾಳೆ ಮಧ್ಯಾಹ್ನದ ಒಳಗೆ ನನಗೆ ಒಬ್ಬಳಿಗೇ ಫೋನ್ ಮಾಡಿ. ಕಾರಣ ಹೇಳಬೇಕಿಲ್ಲ. ಯಾರು ಬೇಡ ಅಂದರು ಅಂತ ನಾನು ಯಾರಿಗೂ ಹೇಳುವುದಿಲ್ಲ. ಒಬ್ಬರು ಬೇಡ ಅಂದರೂ ಹಿಂದಿನಂತೆ ಕೈಯಲ್ಲೇ ಬರೆದುಕೊಳ್ಳುತ್ತೇವೆ. ಕಾಲ್ ನಡೆದೇ ನಡೆಯುತ್ತದೆ.

ಇದರಲ್ಲಿ ಯಾವ ಸಾಲನ್ನೂ ಬಿಡಬೇಡಿ. ಯಾರು ಕೇಳುತ್ತಾರೆ, ಎಲ್ಲಿ ಉಳಿಯುತ್ತದೆ, ಯಾವಾಗ ಅಳಿಸುತ್ತೀರಿ ಎಂಬುದು ತಿಳಿಯದೆ ಕೊಟ್ಟ ಒಪ್ಪಿಗೆಗೆ ಬೆಲೆಯಿಲ್ಲ. ಎಲ್ಲಕ್ಕಿಂತ ಮುಖ್ಯ ಕೊನೆಯ ಎರಡು ಸಾಲು. 'ನಾನು ಬೇಡ ಅಂದ್ರೆ ಎಲ್ಲರ ಕೆಲಸ ಕೆಡುತ್ತೆ' ಎಂಬ ಭಾರ ಅವರ ತಲೆಯ ಮೇಲೆ ಬೀಳಬಾರದು. ಹದಿನೈದು ದಿನ ಎಂಬುದು ನನ್ನ ಸಲಹೆ ಅಷ್ಟೇ. ಸಾರಾಂಶ ತಿದ್ದಿ, ಜನ ಅದನ್ನು ಓದಿ ಸರಿ ಎನ್ನುವವರೆಗೆ ರೆಕಾರ್ಡಿಂಗ್ ಬೇಕು. ಅದಕ್ಕಿಂತ ಜಾಸ್ತಿ ಇಟ್ಟುಕೊಳ್ಳಲು ನಿಮಗೆ ಕಾರಣವಿಲ್ಲ.

ನಿಮ್ಮ ಕಾಲ್‌ನಲ್ಲಿ ತೆರೆ ನೋಡದೆ ಬರುವವರೂ ಇರುತ್ತಾರೆ ಎಂದುಕೊಂಡಿದ್ದೇನೆ. ಹಳ್ಳಿಯ ಕಾಲ್‌ಗಳಲ್ಲಿ ಇದು ಮಾಮೂಲಿ. ಕೀಪ್ಯಾಡ್ ಫೋನ್ ಇರುವ ಸದಸ್ಯರಿಗೆ ಆಫೀಸಿನವರು ಬೇರೆ ಫೋನಿಂದ ಕಾಲ್ ಮಾಡಿ, ಸ್ಪೀಕರ್ ಹಾಕಿ, ಲ್ಯಾಪ್‌ಟಾಪ್ ಪಕ್ಕ ಇಡುತ್ತಾರೆ. ರೆಕಾರ್ಡಿಂಗ್ ಶುರುವಾದಾಗ ಮೀಟ್ ತೋರಿಸುವ ಸೂಚನೆ ಅವರಿಗೆ ಕಾಣುವುದೇ ಇಲ್ಲ. ಹಾಗೆಯೇ ಡೈರಿ ಕಟ್ಟೆಯ ಮೇಲೆ ಒಂದೇ ಸ್ಮಾರ್ಟ್‌ಫೋನ್ ಸುತ್ತ ಐದಾರು ಜನ ಕೂತಿರುತ್ತಾರೆ. ಸೂಚನೆ ಫೋನ್ ಹಿಡಿದವರಿಗೆ ಕಂಡೀತು, ಹಿಂದೆ ಕೂತವರಿಗಲ್ಲ. ಅವರ ದನಿ ಮಾತ್ರ ಚೆನ್ನಾಗಿಯೇ ರೆಕಾರ್ಡ್ ಆಗುತ್ತದೆ. ಕಂಡರೂ ಆ ಸೂಚನೆ ಹಲವರ ಫೋನ್‌ನಲ್ಲಿ ಇಂಗ್ಲಿಷಿನಲ್ಲಿರುತ್ತದೆ. ತೆರೆಯ ಸೂಚನೆಯನ್ನು ನಂಬಿ 'ಎಲ್ಲರಿಗೂ ಹೇಳಿದ್ದೇವೆ' ಎನ್ನುವುದು ನಮ್ಮಲ್ಲಿ ಸಾಲದು. ಹೇಳಿದ್ದು ಕಿವಿಗೆ ಬೀಳಬೇಕು, ಕನ್ನಡದಲ್ಲಿ ಬೀಳಬೇಕು.

ಆದ್ದರಿಂದ ಕಾಲ್ ಶುರುವಾದಾಗ ಯಾವ ಬಟನನ್ನೂ ಒತ್ತದೆ ಮೊದಲು ಮಾತಾಡಿ. ಹೀಗೆ: 'ನಮಸ್ಕಾರ. ಇನ್ನೂ ರೆಕಾರ್ಡಿಂಗ್ ಶುರು ಮಾಡಿಲ್ಲ. ನಿನ್ನೆ ಹೇಳಿದಂಗೆ ಈ ಕಾಲ್ ರೆಕಾರ್ಡ್ ಮಾಡಿ, ಕಂಪ್ಯೂಟರಿಂದ ಸಾರಾಂಶ ಬರೆಸೋದು ಅಂತ ಇದೆ. ಫೋನ್ ಹತ್ರ ಯಾರ್ ಯಾರು ಕೂತಿದ್ದೀರಿ, ಹೆಸರು ಹೇಳಿ. ಒಬ್ಬೊಬ್ಬರನ್ನೇ ಕೇಳ್ತೀನಿ. ಆಗಲಿ, ಇಲ್ಲ ಬೇಡ, ಎರಡರಲ್ಲಿ ಒಂದು ಹೇಳಿ ಸಾಕು.' ಆಮೇಲೆ ಹೆಸರು ಕರೆದು ಕೇಳಿ. ಕೀಪ್ಯಾಡ್ ಫೋನಿನವರನ್ನು ಮೊದಲು ಕೇಳಿ. ಇಪ್ಪತ್ತು ಜನಕ್ಕೆ ಎರಡು ಮೂರು ನಿಮಿಷ ಹಿಡಿಯುತ್ತದೆ. 'ಯಾರಿಗಾದರೂ ಬೇಡ್ವಾ? ಯಾರೂ ಇಲ್ಲ, ಸರಿ' ಎಂದು ಮುಗಿಸಬೇಡಿ. ಮ್ಯೂಟ್‌ನಲ್ಲಿ ಇದ್ದವರು, ನೆಟ್‌ವರ್ಕ್ ಹೋಗಿ ಬರುತ್ತಿರುವವರು, ಸಂಕೋಚದವರು ಎಲ್ಲ ಆ 'ಯಾರೂ ಇಲ್ಲ'ದಲ್ಲಿ ಕಳೆದುಹೋಗುತ್ತಾರೆ. ಉತ್ತರ ಬಾರದವರನ್ನು ಬೇಡ ಎಂದವರ ಲೆಕ್ಕಕ್ಕೇ ಸೇರಿಸಿ.

ಎಲ್ಲರೂ ಆಗಲಿ ಎಂದರೆ ಬಟನ್ ಒತ್ತಿ. ಒತ್ತಿದ್ದೇನೆ ಎಂದು ಬಾಯಲ್ಲೂ ಹೇಳಿ. ತಡವಾಗಿ ಯಾರಾದರೂ ಬಂದರೆ ನಡೆಯುತ್ತಿರುವ ಮಾತು ನಿಲ್ಲಿಸಿ, ಅವರ ಹೆಸರು ಹಿಡಿದು 'ಈಗ ರೆಕಾರ್ಡ್ ಆಗ್ತಾ ಇದೆ, ಸಾರಾಂಶನೂ ಬರೆಸ್ತಾ ಇದ್ದೀವಿ, ನಿಮಗೆ ಆಗಬಹುದಾ?' ಎಂದು ಕೇಳಿ. ಬೇಡ ಎಂದರೆ ಆರಿಸಿ. ಪಟ್ಟಿಯಲ್ಲಿ ಗುರುತಿಲ್ಲದ ಹೆಸರು ಕಂಡರೆ ಅದನ್ನೂ ವಿಚಾರಿಸಿ. ಕೆಲವರ ಫೋನ್ ಅಥವಾ ಕಂಪ್ಯೂಟರ್‌ನಲ್ಲಿ ಸ್ವಂತ ಟಿಪ್ಪಣಿ ಆ್ಯಪ್ ಇರುತ್ತದೆ. ಅದು ಒಬ್ಬ ಸದಸ್ಯನ ಹಾಗೆ ತಾನೇ ಕಾಲ್‌ಗೆ ಬಂದು ಸೇರುತ್ತದೆ. ಕೆಲವೊಮ್ಮೆ ಅದರ ಒಡೆಯ ಬರುವ ಮುಂಚೆಯೇ ಬಂದಿರುತ್ತದೆ. ಎಲ್ಲರೂ ಒಪ್ಪಿದ್ದು ನಿಮ್ಮ ರೆಕಾರ್ಡಿಂಗ್‌ಗೆ, ಅದಕ್ಕಲ್ಲ. ತೆಗೆದುಹಾಕಿ. ಯಾರಾದರೂ ತಮ್ಮ ಫೋನ್ ಪಕ್ಕ ಇನ್ನೊಂದು ಫೋನ್ ಇಟ್ಟು ದನಿ ಹಿಡಿದರೆ ಮಾತ್ರ ನಿಮಗೆ ತಿಳಿಯುವ ದಾರಿ ಇಲ್ಲ. ಹಾಗೆ ಮಾಡಬೇಡಿ ಎಂದು ಕೇಳಿಕೊಳ್ಳಬಹುದು. 'ಇಲ್ಲಿ ಆಡಿದ್ದು ಎಲ್ಲೂ ಹೋಗಲ್ಲ' ಎಂಬ ಭರವಸೆಯನ್ನು ಮಾತ್ರ ಕೊಡಬೇಡಿ.

ಇನ್ನು ಬೇಡ ಎಂದವರ ವಿಷಯ. ಹಿಂದಿನ ದಿನವೇ ಫೋನ್ ಬಂದರೆ ಕೆಲಸ ಸಲೀಸು. ಗುಂಪಿಗೆ 'ನಾಳೆ ರೆಕಾರ್ಡಿಂಗ್ ಇಲ್ಲ, ಬರೆದುಕೊಳ್ಳುತ್ತೇವೆ' ಎಂದಷ್ಟೇ ಹಾಕಿ. ಯಾರು, ಯಾಕೆ ಎಂಬುದು ಬೇಡ. ಕಾಲ್‌ನಲ್ಲೇ ಯಾರಾದರೂ ಬೇಡ ಎಂದರೆ ಆ ಕ್ಷಣವೇ ಆರಿಸಬೇಕು. 'ಈ ವಿಷಯ ಮುಗೀಲಿ' ಎಂದಾಗಲಿ 'ಆಮೇಲೆ ನಿಮ್ಮ ಮಾತು ಅಳಿಸ್ತೀನಿ' ಎಂದಾಗಲಿ ಹೇಳಬಾರದು. ಒಂದು ಗಂಟೆಯ ಫೈಲ್‌ನಿಂದ ಒಬ್ಬರ ಮಾತನ್ನು ಕತ್ತರಿಸಲು ಎಡಿಟಿಂಗ್ ಬಲ್ಲವರು ಬೇಕು. ಕತ್ತರಿಸಿದರೂ 'ಯಜಮಾನ್ರು ಹೇಳಿದಂಗೆ' ಎಂದು ಮುಂದಿನವರು ಶುರು ಮಾಡಿದ ಮಾತಿನಲ್ಲಿ ಅವರು ಉಳಿದೇ ಉಳಿಯುತ್ತಾರೆ.

ಉಳಿದವರು ಒತ್ತಾಯ ಮಾಡಲು ಶುರು ಮಾಡಿದರೆ ತಡೆಯುವ ಕೆಲಸ ನಿಮ್ಮದೇ. 'ಇದು ಕೈ ಎತ್ತಿ ತೀರ್ಮಾನ ಮಾಡೋ ವಿಷಯ ಅಲ್ಲ. ಒಬ್ಬರು ಬೇಡ ಅಂದ್ರೆ ಸಾಕು. ಆಫ್ ಮಾಡಿದ್ದೀನಿ, ಮುಂದಕ್ಕೆ ಹೋಗೋಣ' ಎಂದು ಹೇಳಿ ಮುಂದಿನ ವಿಷಯ ಎತ್ತಿಕೊಳ್ಳಿ. ಅಲ್ಲೇ ನಿಂತು ವಿವರಿಸುತ್ತಾ ಹೋದಷ್ಟೂ ಬೇಡ ಎಂದವರು ಎಲ್ಲರ ಕಣ್ಣಿಗೆ ಬೀಳುತ್ತಾರೆ.

ಕೆಲವರಿಗೆ ಬೇಡವಾದದ್ದು ಇಡೀ ಕಾಲ್ ಅಲ್ಲ, ಒಂದು ಭಾಗ ಮಾತ್ರ. ಆಮೇಲೆ ಒಬ್ಬರೇ ಇದ್ದಾಗ ಕೇಳಿದರೆ ಹೇಳುತ್ತಾರೆ. ಹಾಗಿದ್ದರೆ ಕಾಲನ್ನೇ ಎರಡಾಗಿ ಮಾಡಿ. ನಿಮ್ಮ ಗುರುವಾರದ ಕಾಲ್‌ನಲ್ಲಿ ಮೂರು ವಿಷಯ ಇವೆ ಎಂದುಕೊಳ್ಳೋಣ: ಮಂಡಿ ಮತ್ತು ಮಿಲ್‌ಗಳ ರೇಟು, ಸದಸ್ಯರ ಬಾಕಿ, ಬಿತ್ತನೆ ಬೀಜ ಹಂಚುವ ದಿನ. ರೇಟು ಮತ್ತು ಬಾಕಿಯನ್ನು ಮೊದಲು ಮುಗಿಸಿ. ಅಷ್ಟು ಹೊತ್ತು ಯಾವ ಸ್ವಿಚ್ಚೂ ಬೇಡ. ಅದಾದ ಮೇಲೆ ಕಾಲ್ ಕಡಿದು, ಹೊಸ ಲಿಂಕ್‌ನಲ್ಲಿ ಮತ್ತೆ ಸೇರಿ. ಬೀಜದ ವಿಷಯವನ್ನು ಒಪ್ಪಿಗೆ ಕೇಳಿ ರೆಕಾರ್ಡ್ ಮಾಡಿ. ಹೊಸ ಲಿಂಕ್ ಯಾಕೆ ಎಂದರೆ, ನಡುವೆ ಆನ್ ಆಫ್ ಮಾಡುತ್ತಾ ಹೋದರೆ ಯಾವುದೋ ಒಂದು ಸ್ವಿಚ್ ಮರೆತುಹೋಗುತ್ತದೆ. ರೆಕಾರ್ಡ್ ಆಗುವ ಭಾಗ ಕೊನೆಗೆ ಇರಲಿ. ಬೇಡದವರು ಆಗ ಎದ್ದು ಹೋದರೂ ಅವರಿಗೆ ಮುಖ್ಯವಾದ ಮಾತು ತಪ್ಪಿರುವುದಿಲ್ಲ. ಬೀಜದ ವಿಷಯದಲ್ಲಿ ಅವರು ಹೇಳುವುದಿದ್ದರೆ ಮೊದಲ ಭಾಗದಲ್ಲೇ ಹೇಳಲಿ, ನೀವು ಬರೆದುಕೊಳ್ಳಿ.

'ಅವರ ಹೆಸರು ತೆಗೆದು ಒಬ್ಬ ಸದಸ್ಯರು ಎಂದು ಬರೆದರೆ ಆಗಲ್ವಾ?' ಎಂದು ನೀವು ಕೇಳಬಹುದು. ಅವರು ಒಪ್ಪಿದರೆ ಮಾತ್ರ ಆಗುತ್ತದೆ, ಅದೂ ಸಾರಾಂಶಕ್ಕೆ ಮಾತ್ರ. ರೆಕಾರ್ಡಿಂಗ್‌ನಲ್ಲಿ ದನಿ ಇದ್ದೇ ಇರುತ್ತದೆ. ಇಪ್ಪತ್ತೇ ಜನರ ಗುಂಪಿನಲ್ಲಿ 'ಹತ್ತು ಎಕರೆ ಶೇಂಗಾ ಹಾಕಿದ ಒಬ್ಬ ಸದಸ್ಯರು' ಎಂದರೆ ಅದು ಯಾರು ಎಂದು ಎಲ್ಲರಿಗೂ ಗೊತ್ತು.

ರೆಕಾರ್ಡಿಂಗ್ ಇಲ್ಲದಿದ್ದರೆ ಕೆಲಸ ಹೇಗೆ ಎಂಬ ಚಿಂತೆ ನಿಮ್ಮದು. ಬರೆದುಕೊಳ್ಳುವವರು ಮತ್ತು ಕಾಲ್ ನಡೆಸುವವರು ಒಬ್ಬರೇ ಆಗಿರುವುದರಿಂದ ಕಷ್ಟವಾಗುತ್ತಿದೆ ಎಂದು ನನಗೆ ಅನ್ನಿಸುತ್ತದೆ. ಆ ದಿನದ ಮಟ್ಟಿಗೆ ಇನ್ನೊಬ್ಬರಿಗೆ ಪೆನ್ನು ಕೊಡಿ. ಎಲ್ಲ ಮಾತೂ ಬರೆಯುವುದು ಬೇಕಿಲ್ಲ. ಒಂದೊಂದು ವಿಷಯಕ್ಕೂ ಏನು ತೀರ್ಮಾನವಾಯಿತು, ಯಾರು ಮಾಡಬೇಕು, ಯಾವತ್ತಿನೊಳಗೆ, ದುಡ್ಡೆಷ್ಟು ಎಂದು ಬರೆದರೆ ಸಾಕು. ಆ ವಿಷಯ ಮುಗಿದ ಕೂಡಲೇ ಅದನ್ನು ಗಟ್ಟಿಯಾಗಿ ಓದಿ ಹೇಳಿ. ತಪ್ಪಿದ್ದರೆ ಅಲ್ಲೇ ಯಾರಾದರೂ ತಿದ್ದುತ್ತಾರೆ. ಒಂದು ಗಂಟೆಯ ಕಾಲ್‌ಗೆ ಒಂದು ಪುಟ ಆಗುತ್ತದೆ, ಅದರಲ್ಲಿ ಯಾರ ಗುಟ್ಟೂ ಇರುವುದಿಲ್ಲ. ರೈತರ ಕಾಲ್‌ಗಳಿಗೆ ಈ ಒಂದು ಪುಟವೇ ಒಳ್ಳೆಯದು ಎಂಬುದು ನನ್ನ ಅಭಿಪ್ರಾಯ. ಎಲ್ಲರೂ ಒಪ್ಪಿ ಯಂತ್ರದ ಸಾರಾಂಶ ಬರೆಸಿದಾಗಲೂ ಈ ಓದಿ ಹೇಳುವ ಪದ್ಧತಿ ಬಿಡಬೇಡಿ.

ಯಾಕೆ ಎಂದರೆ, ನನಗೆ ರೆಕಾರ್ಡಿಂಗ್‌ಗಿಂತ ಜಾಸ್ತಿ ಭಯ ಇರುವುದು ಸಾರಾಂಶದ ಮೇಲೆ. ರೆಕಾರ್ಡಿಂಗ್ ಆಡಿದ್ದನ್ನು ಆಡಿದ ಹಾಗೆ ಇಡುತ್ತದೆ. ಸಾರಾಂಶ ಆಡದ್ದನ್ನೂ ಆಡಿಸಬಲ್ಲದು. ಒಂದು ಉದಾಹರಣೆ ಹೇಳುತ್ತೇನೆ. 2025-26ರ ಮುಂಗಾರಿಗೆ ಶೇಂಗಾ ಬೆಂಬಲ ಬೆಲೆ ಕ್ವಿಂಟಲ್‌ಗೆ 7,263 ರೂಪಾಯಿ. ಕಾಲ್‌ನಲ್ಲಿ ಒಬ್ಬರು 'ಬೆಂಬಲ ಬೆಲೆಯೇ ಏಳು ಸಾವಿರದ ಇನ್ನೂರ ಅರವತ್ಮೂರು ಐತೆ, ಅದಕ್ಕಿಂತ ಕಮ್ಮಿಗೆ ಯಾಕ್ ಕೊಡ್ಬೇಕು' ಎನ್ನುತ್ತಾರೆ. ಇನ್ನೊಬ್ಬರು 'ಹೂಂ ಹೂಂ' ಎನ್ನುತ್ತಾರೆ. ನಮ್ಮಲ್ಲಿ ಹೂಂ ಎಂದರೆ ಕೇಳಿಸಿಕೊಳ್ಳುತ್ತಿದ್ದೇನೆ ಎಂದಷ್ಟೇ. ಯಂತ್ರ ಇದನ್ನು '7,263ಕ್ಕೆ ಮಾರಲು ಸದಸ್ಯರು ಒಪ್ಪಿದರು' ಎಂದು ಬರೆದುಬಿಡಬಹುದು. ಡೈರಿ ಕಟ್ಟೆಯ ಮೇಲೆ ಐದು ಜನ ಆಡಿದ್ದೆಲ್ಲ ಫೋನ್ ಯಾರದ್ದೋ ಅವರ ಹೆಸರಿಗೆ ಹೋಗುತ್ತದೆ. 'ಬೇಡ ಅಂತಲ್ಲ, ಆದ್ರೆ ಈಗಲ್ಲ' ಎಂಬ ಮಾತು ಬೇಡ ಎಂದೇ ದಾಖಲಾಗುತ್ತದೆ. ಹೀಗೆ ತಪ್ಪು ಬರೆದ ಹಾಳೆ ಗುಂಪಿಗೆ ಹೋದರೆ ಆಡದ ಮಾತಿಗೆ ಉತ್ತರ ಕೊಡುತ್ತಾ ಕೂರಬೇಕಾದವರು ನಿಮ್ಮ ಸದಸ್ಯರು.

ಹಾಗಾಗಿ ಸಾರಾಂಶ ತಾನಾಗಿ ಯಾರಿಗೂ ಹೋಗದಂತೆ ಮಾಡಿ. ಟಿಪ್ಪಣಿ ಯಾರ ಜೊತೆ ಹಂಚಬೇಕು ಎಂಬ ಆಯ್ಕೆ ಮೀಟ್‌ನಲ್ಲಿ ಇದೆ. ಅದನ್ನು ಸಭೆ ಕರೆದವರಿಗೆ ಮಾತ್ರ ಎಂದು ಇಡಿ. ಬಂದ ಸಾರಾಂಶದಲ್ಲಿ ಮೊದಲು ಅಂಕಿಗಳನ್ನು ನೋಡಿ, ಆಮೇಲೆ 'ಒಪ್ಪಿದರು', 'ತೀರ್ಮಾನಿಸಿದರು' ಎಂಬ ಪದ ಇರುವ ಸಾಲುಗಳನ್ನು, ಆಮೇಲೆ ಹೆಸರುಗಳನ್ನು. ಅನುಮಾನ ಬಂದ ಕಡೆ ರೆಕಾರ್ಡಿಂಗ್ ಕೇಳಿ. ಕೇಳಿಯೂ ಖಾತ್ರಿ ಆಗದಿದ್ದರೆ ಆ ಸಾಲು ತೆಗೆಯಿರಿ.

ಕಾನೂನು ಏನು ಹೇಳುತ್ತದೆ ಎಂಬುದನ್ನು ಚಿಕ್ಕದಾಗಿ ಹೇಳುತ್ತೇನೆ. ಖಾಸಗಿತನ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟ್‌ನ ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್ 24ರಂದು ಹೇಳಿತು. ಆ ಕೇಸು ಹಾಕಿದವರು ನಮ್ಮ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಅದಾದ ಮೇಲೆ 2023ರಲ್ಲಿ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಬಂತು. ಅದರ ನಿಯಮಗಳು 2025ರ ನವೆಂಬರ್‌ನಲ್ಲಿ ಹೊರಬಂದವು. ಸೂಚನೆ ಮತ್ತು ಒಪ್ಪಿಗೆಯ ಭಾಗಗಳು ಅಲ್ಲಿಂದ 18 ತಿಂಗಳಿಗೆ, ಅಂದರೆ 2027ರ ಮೇ ತಿಂಗಳಲ್ಲಿ, ಜಾರಿಗೆ ಬರುತ್ತವೆ. ಮನೆಯವರು ಮನೆ ಕೆಲಸಕ್ಕೆ ಇಟ್ಟುಕೊಳ್ಳುವ ಮಾಹಿತಿಗೆ ಆ ಕಾಯ್ದೆ ಅನ್ವಯಿಸುವುದಿಲ್ಲ. ಕಂಪನಿ ಮಾಡುವ ರೆಕಾರ್ಡಿಂಗ್‌ಗೆ ಆ ವಿನಾಯಿತಿ ಸಿಗದು.

ಅದರಲ್ಲಿ ನಿಮಗೆ ಬೇಕಾದ ಮಾತು ಮೂರು. ಒಪ್ಪಿಗೆ ಕೇಳುವ ಮುಂಚೆಯೋ ಜೊತೆಯಲ್ಲೋ ಸೂಚನೆ ಕೊಡಬೇಕು. ಆ ಸೂಚನೆಯನ್ನು ಸಂವಿಧಾನದ ಎಂಟನೇ ಪರಿಚ್ಛೇದದ ಯಾವುದೇ ಭಾಷೆಯಲ್ಲಿ ಓದುವ ಅವಕಾಶ ಇರಬೇಕು, ಅದರಲ್ಲಿ ಕನ್ನಡವೂ ಇದೆ. ಎರಡನೆಯದು, ಒಪ್ಪಿಗೆ ಒತ್ತಾಯವಿಲ್ಲದ್ದಾಗಿರಬೇಕು ಮತ್ತು ಏನೋ ಒಂದು ಮಾಡಿ ಅಥವಾ ಹೇಳಿ ಸ್ಪಷ್ಟವಾಗಿ ಕೊಟ್ಟಿದ್ದಾಗಿರಬೇಕು. ಸುಮ್ನೆ ಕೂತಿದ್ದು ಸಾಲುವುದಿಲ್ಲ. ಮೂರನೆಯದು, ಕೊಟ್ಟ ಒಪ್ಪಿಗೆಯನ್ನು ವಾಪಸ್ ಪಡೆಯುವುದು ಕೊಟ್ಟಷ್ಟೇ ಸುಲಭ ಇರಬೇಕು. ಬಾಯಲ್ಲಿ 'ಆಗಲಿ' ಎಂದವರಿಗೆ 'ಬೇಡ ಅನ್ನೋದಾದ್ರೆ ಅರ್ಜಿ ಬರ್ಕೊಡಿ' ಎನ್ನುವ ಹಾಗಿಲ್ಲ. ಮೇಲೆ ಹೇಳಿದ ಕ್ರಮವನ್ನು ಈಗಿಂದಲೇ ರೂಢಿ ಮಾಡಿಕೊಂಡರೆ 2027ಕ್ಕೆ ಹೊಸದಾಗಿ ಕಲಿಯಬೇಕಾದ್ದು ಕಡಿಮೆ.

ಒಂದು ವಿಷಯ ಮಾತ್ರ ಬೇರೆ. ನಾನು ಹೇಳಿದ್ದೆಲ್ಲ ಬೆಳೆಗಾರರ ಮಾಮೂಲಿ ಕಾಲ್‌ಗೆ. ಕಂಪನಿಯ ನಿರ್ದೇಶಕರ ಬೋರ್ಡ್ ಸಭೆ ವಿಡಿಯೊ ಮೂಲಕ ನಡೆದರೆ ಲೆಕ್ಕ ಬದಲಾಗುತ್ತದೆ. ಕಂಪನಿಗಳ ಬೋರ್ಡ್ ಸಭೆ ಕುರಿತ 2014ರ ನಿಯಮಗಳು ವಿಡಿಯೊ ಸಭೆಯ ಕಲಾಪ ದಾಖಲಿಸಿ, ಆ ರೆಕಾರ್ಡಿಂಗನ್ನು ಕನಿಷ್ಠ ಆ ವರ್ಷದ ಆಡಿಟ್ ಮುಗಿಯುವವರೆಗೆ ಕಾಪಾಡಬೇಕು ಎನ್ನುತ್ತವೆ. ಹಾಜರಿ ಹೇಳುವಾಗ ತಮ್ಮ ಜೊತೆ ಬೇರೆ ಯಾರೂ ಕೂತಿಲ್ಲ ಎಂದೂ ನಿರ್ದೇಶಕರು ಹೇಳಬೇಕು. ಅಲ್ಲಿ ಒಬ್ಬ ನಿರ್ದೇಶಕರು ಬೇಡ ಎಂದರೆ ನೀವು ಆರಿಸುವ ಬದಲು ಅವರು ಆಫೀಸಿಗೇ ಬಂದು ಕೂರುವಂತೆ ಇಲ್ಲವೇ ಇಡೀ ಸಭೆ ಮುಖಾಮುಖಿ ನಡೆಯುವಂತೆ ಏರ್ಪಾಡು ಮಾಡಬೇಕು. ಬೋರ್ಡ್ ಸಭೆಗೆ ಮುಂಚೆ ನಿಮ್ಮ ಕಂಪನಿ ಲೆಕ್ಕಪತ್ರ ನೋಡುವವರ ಹತ್ತಿರ ಇದನ್ನು ಒಮ್ಮೆ ಕೇಳಿಕೊಳ್ಳಿ. ಆಗಲೂ ಸಾರಾಂಶ ಬರೆಯುವ ಯಂತ್ರ ಬೇಕೇಬೇಕು ಎಂದು ನಿಯಮ ಹೇಳುವುದಿಲ್ಲ. ಅದನ್ನು ಬೇಡ ಎನ್ನುವ ಹಕ್ಕು ನಿರ್ದೇಶಕರಿಗೆ ಬಿಟ್ಟೇ ಇದೆ.

ಉಳಿದದ್ದು ಹೋದ ವಾರದ ಫೈಲ್. ಬೇಡ ಎಂದ ಮೇಲೂ ಅದು ಓಡಿದೆ, ಹಾಗಾಗಿ ಅದನ್ನು ಇಟ್ಟುಕೊಳ್ಳುವ ಹಾಗಿಲ್ಲ. ಮೊದಲು ಆ ಕಾಲ್‌ನ ತೀರ್ಮಾನಗಳನ್ನು ನಿಮ್ಮ ನೆನಪಿನಿಂದ ಮತ್ತು ಉಳಿದ ಸದಸ್ಯರನ್ನು ಕೇಳಿ ಒಂದು ಪುಟದಲ್ಲಿ ಬರೆದುಕೊಳ್ಳಿ. ಆಮೇಲೆ ರೆಕಾರ್ಡಿಂಗ್, ಟ್ರಾನ್ಸ್‌ಕ್ರಿಪ್ಟ್, ಟಿಪ್ಪಣಿ, ಮೂರನ್ನೂ ಸಭೆ ಕರೆದವರ ಡ್ರೈವ್‌ನಲ್ಲಿ ಹುಡುಕಿ ಅಳಿಸಿ. ಅಳಿಸಿದ್ದು ಕಸದ ಬುಟ್ಟಿಗೆ ಹೋಗಿ 30 ದಿನ ಅಲ್ಲೇ ಇರುತ್ತದೆ. ಬುಟ್ಟಿಯನ್ನೂ ಖಾಲಿ ಮಾಡಿ. ಟಿಪ್ಪಣಿಯ ಮೇಲ್ ಯಾರಿಗಾದರೂ ಹೋಗಿದ್ದರೆ ಅವರನ್ನೂ ಅಳಿಸಲು ಹೇಳಿ. ಯಾರಾದರೂ ಇಳಿಸಿಕೊಂಡಿದ್ದರೆ ಅಥವಾ ವಾಟ್ಸಾಪ್‌ನಲ್ಲಿ ಮುಂದೆ ಕಳಿಸಿದ್ದರೆ ಅದು ನಿಮ್ಮ ಕೈ ಮೀರಿದ್ದು. ಅದನ್ನು ಯಜಮಾನ್ರಿಗೆ ಇದ್ದ ಹಾಗೇ ಹೇಳಿ.

ಅವರಿಗೆ ಗುರುವಾರಕ್ಕಿಂತ ಮುಂಚೆ ಫೋನ್ ಮಾಡಿ. ಮೆಸೇಜ್ ಬೇಡ. 'ಯಜಮಾನ್ರೇ, ಹೋದ ವಾರ ನೀವು ಬೇಡ ಅಂದಾಗಲೇ ನಾನು ನಿಲ್ಲಿಸ್ಬೇಕಿತ್ತು. ಫೈಲ್ ಅಳಿಸಿದ್ದೀನಿ. ಇಂಥಿಂಥವರಿಗೆ ಮೇಲ್ ಹೋಗಿತ್ತು, ಅವರಿಗೂ ಅಳಿಸೋಕೆ ಹೇಳಿದ್ದೀನಿ. ಈ ಗುರುವಾರ ರೆಕಾರ್ಡಿಂಗ್ ಇಲ್ಲ. ಹೋದ ಸಲ ಹೇಳ್ಬೇಕು ಅಂದ್ಕೊಂಡಿದ್ದು ಏನಾದ್ರೂ ಇತ್ತಾ?' ಎಂದು ಕೇಳಿ. ಆ ಕೊನೆಯ ಪ್ರಶ್ನೆ ಮರೆಯಬೇಡಿ. ಇಡೀ ಕಾಲ್ ಸುಮ್ಮನೆ ಕೂತವರ ಹತ್ತಿರ ರೇಟಿನ ಬಗ್ಗೆಯೋ ಬೀಜದ ಬಗ್ಗೆಯೋ ಹೇಳುವ ಮಾತು ಇದ್ದಿರಬಹುದು. ಅವರು ಹೇಳಿದ್ದನ್ನು ಕಾಲ್‌ನಲ್ಲಿ ಎತ್ತಬಹುದಾ, ಯಾರ ಹೆಸರಿನಲ್ಲಿ ಎತ್ತಬೇಕು ಎಂದೂ ಅವರನ್ನೇ ಕೇಳಿಕೊಳ್ಳಿ.

ಕೊನೆಗೆ ಒಂದು ನೋಟ್‌ಬುಕ್ ಇಡಿ. ಪ್ರತಿ ಕಾಲ್‌ಗೆ ಒಂದೇ ಸಾಲು: ತಾರೀಕು, ಸೂಚನೆ ಕಳಿಸಿದ್ದು ಯಾವಾಗ, ಯಾರ್ ಯಾರನ್ನು ಹೆಸರು ಹಿಡಿದು ಕೇಳಿದಿರಿ, ಯಾವ ಸ್ವಿಚ್ ಎಷ್ಟು ಗಂಟೆಗೆ ಆನ್ ಆಯಿತು, ಎಷ್ಟಕ್ಕೆ ಆಫ್ ಆಯಿತು, ಫೈಲ್ ಅಳಿಸಿದ ದಿನ. ಬೇಡ ಎಂದವರ ಹೆಸರು ಅದರಲ್ಲಿ ಬರೆಯಬೇಡಿ. 'ರೆಕಾರ್ಡಿಂಗ್ ಇಲ್ಲ' ಎಂದರೆ ಸಾಕು, ಆ ನೋಟ್‌ಬುಕ್ ನಾಳೆ ಯಾರ ಕೈಗೆ ಹೋಗುತ್ತದೋ ನಿಮಗೆ ಗೊತ್ತಿಲ್ಲ.